ದೊಡ್ಡಿ, ಕಂಬಳಿ, ಗೂಟ

ಅಡುಗೆಮನೆಯ ಕಡೆಯಿಂದ ಕೆರಕೆರ ಎಂದು ಸದ್ದು ಬರುತ್ತಿತ್ತು. ಸ್ವಲ್ಪ ಹೊತ್ತು ನಿಲ್ಲುವುದು, ಮತ್ತೆ ಶುರುವಾಗುವುದು. ಇಲಿ ಜೋಳದ ಚೀಲಕ್ಕೆ ಬಾಯಿ ಹಾಕಿದೆ ಎಂದುಕೊಂಡು ಕಸ್ತೂರಿ ಎದ್ದಳು. ಬಾಗಿಲ ಸಂದಿಯಿಂದ ನೋಡಿದರೆ ಇಲಿಯಲ್ಲ, ಅತ್ತೆ ಶಂಕ್ರವ್ವ. ಒಲೆಯ ಪಕ್ಕದ ಸಣ್ಣ ಬಲ್ಬಿನ ಕೆಳಗೆ ಕುಳಿತು, ಮೊಮ್ಮಗಳ ರಬ್ಬರಿನಿಂದ ಒಂದು ಕಾಗದವನ್ನು ಉಜ್ಜುತ್ತಿದ್ದಳು.

ಕಸ್ತೂರಿ ಸದ್ದಿಲ್ಲದೆ ಹಾಸಿಗೆಗೆ ಮರಳಿದಳು. ಪಕ್ಕದಲ್ಲಿ ಹತ್ತು ವರ್ಷದ ಸರಿತಾ ಕಾಲು ಚಾಚಿ ಮಲಗಿದ್ದಳು. ಬೆಳಗಾದರೆ ಅವಳಿಗೆ ಪರೀಕ್ಷೆ. ಅವಳು ಇನ್ನು ಯಾರ ಮನೆಯಲ್ಲಿ ಇರಬೇಕು ಎಂಬುದು ಅದರಲ್ಲೇ ತೀರ್ಮಾನವಾಗಬೇಕಿತ್ತು.

ಕಸ್ತೂರಿಗೆ ಹುಕ್ಕೇರಿಯಲ್ಲಿ ಗುಮಾಸ್ತೆಯ ಕೆಲಸ, ಗಂಡ ಶಿವಾನಂದನಿಗೆ ಹತ್ತರಗಿಯ ಹೆದ್ದಾರಿ ಪಕ್ಕದ ಗ್ಯಾರೇಜು. ಮಗಳು ಮಾತ್ರ ಮೊದಲಿನಿಂದ ಕೌಜಲಗಿಯಲ್ಲಿ ಅಜ್ಜಿಯ ಹತ್ತಿರ. ಶನಿವಾರ ಬಂದು ರವಿವಾರ ಸಂಜೆ ಹೋಗುವ ತಾಯ್ತನ ಕಸ್ತೂರಿಗೆ ಸಾಕಾಗಿತ್ತು. ಈ ಜೂನಿಗೆ ಮಗಳನ್ನು ಹುಕ್ಕೇರಿಯ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕೋಣ, ಇಲ್ಲಿ ಅವಳಿಗೆ ಇಂಗ್ಲಿಷ್ ಹೇಳಿಕೊಡುವವರು ಯಾರಿದ್ದಾರೆ ಎಂದು ಅವಳೇ ಮಾತು ತೆಗೆದಿದ್ದಳು. ಏಳನೆಯ ತರಗತಿಗೆ ಶಾಲೆ ಬಿಟ್ಟಿದ್ದ ಶಂಕ್ರವ್ವ ಆ ಮಾತಿಗೆ ಊಟದ ತಾಟನ್ನು ಹಿಂದಕ್ಕೆ ಸರಿಸಿದ್ದಳು, ಅಷ್ಟೇ. ಕಡೆಗೆ ಶಿವಾನಂದನೇ ದಾರಿ ಹುಡುಕಿದ. ಸರಿತಾ ಎಡವುತ್ತಿದ್ದದ್ದು ಮುಖ್ಯವಾಗಿ ಒಂದೇ ಕಡೆ. ಬಿಟ್ಟ ಸ್ಥಳದಲ್ಲಿ ಇನ್, ಆನ್, ಆ್ಯಟ್ ಮೂರರಲ್ಲಿ ಯಾವುದು ಬರೆಯಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಕಸ್ತೂರಿ ವಾರವಾರ ಅಭ್ಯಾಸದ ಹಾಳೆ ಕೊಡಲಿ, ಎರಡು ತಿಂಗಳಾದ ಮೇಲೆ ಇಪ್ಪತ್ತು ವಾಕ್ಯದ ಪರೀಕ್ಷೆ ಮಾಡಲಿ, ಹದಿನಾರು ಸರಿ ಬಂದರೆ ಇನ್ನೊಂದು ವರ್ಷ ಹುಡುಗಿ ಇಲ್ಲೇ ಇರಲಿ. ಗೆಲ್ಲುವವಳು ತಾನೇ ಎಂಬ ಧೈರ್ಯದಲ್ಲಿ ಕಸ್ತೂರಿ ಒಪ್ಪಿದ್ದಳು.

ಆದರೆ ಹಾಳೆಗಳು ವಾರವಾರ ಸುಧಾರಿಸುತ್ತಾ ಬಂದವು. ಏಳು ಸರಿಯಿದ್ದದ್ದು ಹನ್ನೊಂದಾಯಿತು, ಹದಿನಾಲ್ಕಾಯಿತು. ಈಗ ರಬ್ಬರಿನ ಸದ್ದು ಕೇಳಿದ ಮೇಲೆ ಕಸ್ತೂರಿಯ ಮನಸ್ಸಿನಲ್ಲಿ ಸಂಶಯ ಹೊಕ್ಕಿತು. ಅತ್ತೆಯೇ ಯಾರನ್ನೋ ಕೇಳಿ ತುಂಬಿಸುತ್ತಿದ್ದಾಳೆಯೇ? ಶಂಕ್ರವ್ವ ದೀಪ ಆರಿಸಿ ಮಲಗಿದ ಮೇಲೆ ಅವಳು ಮೆಲ್ಲಗೆ ಹೋಗಿ ನೋಡಿದಳು. ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಹಳೆಯ ಕ್ಯಾಲೆಂಡರಿನ ಹಾಳೆಗಳು ಸುರುಳಿ ಸುತ್ತಿಕೊಂಡಿದ್ದವು. ಅವುಗಳ ಬೆನ್ನಿಗೆ ತಾನು ಕಳಿಸಿದ ವಾಕ್ಯಗಳೆಲ್ಲ ಇದ್ದವು. ಅಕ್ಷರ ಸರಿತಾಳದಲ್ಲ. ನಡುಗುವ, ಒಂದೊಂದನ್ನೂ ಕೂರಿಸಿ ಬರೆದ ಅಕ್ಷರ. ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ ಕಾಗದ ತೆಳ್ಳಗಾಗಿತ್ತು. ಅತ್ತೆ ಮೊಮ್ಮಗಳ ಹಾಳೆ ತುಂಬುತ್ತಿರಲಿಲ್ಲ. ಮೊಮ್ಮಗಳಿಗೆ ಹೇಳಿಕೊಡಲು ಮೊದಲು ತಾನು ಕಲಿಯುತ್ತಿದ್ದಳು.

ಅಂಚಿನಲ್ಲಿ ಮೂರು ಚಿತ್ರಗಳಿದ್ದವು. ಸರಿತಾಳ ಶಾಲೆಯಲ್ಲಿ ಟೀಚರು ತಲೆಕೆಳಗಾದ ತ್ರಿಕೋನ ಬರೆಸಿದ್ದರು. ಮೇಲಿನ ಅಗಲಕ್ಕೆ ಇನ್, ನಡುವೆ ಆನ್, ಚೂಪು ತುದಿಗೆ ಆ್ಯಟ್. ಕುರಿ ಸಾಕುವ ಮನೆಯ ಶಂಕ್ರವ್ವನಿಗೆ ತ್ರಿಕೋನ ಹಿಡಿಸಿದಂತಿರಲಿಲ್ಲ. ಅವಳು ಇನ್ ಎದುರು ಕುರಿದೊಡ್ಡಿ ಬರೆದಿದ್ದಳು. ತಿಂಗಳು, ವರ್ಷ, ಊರು, ಮುಂಜಾನೆ, ಹೀಗೆ ಒಳಗೆ ಬಹಳ ಹಿಡಿಸುವಂಥವು ಅದರ ಪಾಲಿಗೆ. ಆನ್ ಎದುರು ಕಂಬಳಿ. ಅದು ಹೆಗಲ ಮೇಲೆ ಬೀಳುವಂತೆ ಸೋಮವಾರದ ಮೇಲೆ, ತಾರೀಖಿನ ಮೇಲೆ, ಗೋಡೆಯ ಮೇಲೆ. ಆ್ಯಟ್ ಎದುರು ಗೂಟ. ಆರು ಗಂಟೆ, ಬಸ್ ಸ್ಟಾಪು, ಬೆರಳಿಟ್ಟು ತೋರಿಸಬಹುದಾದ ಒಂದು ಜಾಗ.

ಕಟ್ಟಕಡೆಯ ವಾಕ್ಯದಲ್ಲಿ ಮಾತ್ರ ಕಾಗದ ತೂತಾಗಿತ್ತು. ನಾಯಿ ರಾತ್ರಿ ಬೊಗಳುತ್ತದೆ ಎಂಬ ವಾಕ್ಯವದು. ಮೂರು ವಾರ ಸರಿತಾ ನೈಟ್ ಮುಂದೆ ಇನ್ ಎಂದು ಬರೆದಿದ್ದಳು, ಮೂರು ವಾರವೂ ಕಸ್ತೂರಿ ಕೆಂಪು ಗೀಟು ಎಳೆದು ಆ್ಯಟ್ ಎಂದು ತಿದ್ದಿದ್ದಳು. ಅದರ ಕೆಳಗೆ ಶಂಕ್ರವ್ವ ಕನ್ನಡದಲ್ಲಿ ಕೇಳಿದ್ದಳು: ಮುಂಜಾನಿ ದೊಡ್ಡಿಗಿ ಬರತೈತಿ. ರಾತ್ರಿ ಅದಕ್ಕಿಂತ ದೊಡ್ಡದು. ಮತ್ತ ಯಾಕ ಬರೂದಿಲ್ಲ?

ಯಾರನ್ನು ಕೇಳಿದ್ದಳೋ. ಕಾಗದವನ್ನೇ ಇರಬೇಕು.

ಕಸ್ತೂರಿ ಅದನ್ನು ಇದ್ದ ಹಾಗೆ ಸುತ್ತಿಟ್ಟು ಬಂದಳು. ನಿದ್ದೆ ಹತ್ತಲಿಲ್ಲ. ಅವಳ ಚೀಲದಲ್ಲಿದ್ದ ಪರೀಕ್ಷೆಯ ಹಾಳೆಯಲ್ಲಿ ಹದಿನೇಳನೆಯ ವಾಕ್ಯ ರಾತ್ರಿಯದೇ. ಸರಿತಾ ಅಲ್ಲಿ ತಪ್ಪುತ್ತಾಳೆಂದು ಗೊತ್ತಿದ್ದೇ ಹಾಕಿದ್ದಳು. ಹಾಗೆ ಹಾಕುವಾಗ ಅದು ನ್ಯಾಯವೆಂದೇ ಅನಿಸಿತ್ತು. ಮಗಳ ಬೆಚ್ಚನೆಯ ಪಾದ ತನ್ನ ಮೊಣಕಾಲಿಗೆ ತಾಗಿಕೊಂಡಿತ್ತು. ಜೂನ್ ಬಂದರೆ ದಿನಾ ಹೀಗೇ ತಾಗುತ್ತದೆ.

ಬೆಳಿಗ್ಗೆ ಶಂಕ್ರವ್ವ ರೊಟ್ಟಿ ಬಡಿಯುತ್ತಿದ್ದಳು, ಕಸ್ತೂರಿ ಒಲೆಗೆ ಕಟ್ಟಿಗೆ ದೂಡುತ್ತಿದ್ದಳು. ಸರಿತಾ ಇನ್ನೂ ಎದ್ದಿರಲಿಲ್ಲ. ಮಾವ ಶೆಟ್ಟೆಪ್ಪ ಕುರಿ ಹೊಡೆದುಕೊಂಡು ಬೆಲ್ಲದ ಬಾಗೇವಾಡಿಯ ಕಡೆ ಹೋಗಿ ಹದಿನೈದು ದಿನವಾಗಿತ್ತು. ಫೋನ್ ಮಾಡಿದ್ದರೇ ಎಂದು ಕಸ್ತೂರಿ ವಿಚಾರಿಸಿದಳು. ಆಮೇಲೆ ಒಲೆಯನ್ನೇ ನೋಡುತ್ತಾ ಕೇಳಿದಳು:

"ಅತ್ತಿ, ಮಾಂವಾರು ಕುರಿ ಜೋಡಿ ಹೊಲದಾಗ ಇದ್ದಾಗ ರಾತ್ರಿ ಎಲ್ಲಿ ಮಲಗತಾರ್ರಿ? ದೊಡ್ಡಿ ಒಳಗೇನ್ರಿ?"

ಶಂಕ್ರವ್ವ ನಕ್ಕಳು. "ಹುಚ್ಚಿ, ದೊಡ್ಡಿ ಒಳಗ ಕುರಿ ಮಲಗತಾವ. ಅಂವ ಒಳಗ ಮಲಗಿದ್ರ ತೋಳ ಬಂದದ್ದು ಯಾರಿಗಿ ಗೊತ್ತಾಗಬೇಕು? ಬಾಗಲದ ಗೂಟ ಇರತೈತಲ್ಲ, ಅದರ ಬುಡಕ್ಕ ಬೀಳತಾನ."

"ಹಂಗಾರ ರಾತ್ರಿ ದೊಡ್ಡಿದಲ್ಲ," ಎಂದಳು ಕಸ್ತೂರಿ. "ರಾತ್ರಿ ಗೂಟದ್ದು ಅನ್ರಿ."

ರೊಟ್ಟಿ ಬಡಿಯುವ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಕಪ್ಪಾಗತೊಡಗಿತು. ಶಂಕ್ರವ್ವನ ಕಣ್ಣು ಹಿಟ್ಟಿನ ಡಬ್ಬಿಯ ಕಡೆಗೊಮ್ಮೆ ಹೊರಳಿ, ಸೊಸೆಯ ಮುಖಕ್ಕೆ ಬಂದು, ಮತ್ತೆ ಹಂಚಿಗೆ ಇಳಿಯಿತು.

"ರೊಟ್ಟಿ ಸುಟ್ಟಿತು," ಎಂದಳು. ಅದನ್ನು ತೆಗೆದಿಟ್ಟು, "ಹುಡುಗೀನ ಎಬ್ಬಸ್ತೇನಿ," ಎಂದು ಹಿಟ್ಟಿನ ಕೈಯಲ್ಲೇ ಎದ್ದು ಹೋದಳು.

ಹತ್ತು ಗಂಟೆಗೆ ಸರಿತಾ ಪಡಸಾಲೆಯಲ್ಲಿ ಕುಳಿತಳು. ಪ್ರತಿ ಬಿಟ್ಟ ಸ್ಥಳಕ್ಕೂ ತುಟಿ ಅಲುಗಾಡಿಸುತ್ತಾ ಏನೋ ಎಣಿಸುವಳು, ಆಮೇಲೆ ಬರೆಯುವಳು. ಗೋಕಾಕದಲ್ಲಿ, ಶುಕ್ರವಾರ, ಮಾರ್ಚಿನಲ್ಲಿ, ಮೇಜಿನ ಮೇಲೆ, ಎಲ್ಲವೂ ದಾಟಿದವು. ಹದಿನೇಳನೆಯದಕ್ಕೆ ಬಂದಾಗ ಪೆನ್ಸಿಲು ನಿಂತಿತು. ಕಸ್ತೂರಿ ಕಿಟಕಿಯಾಚೆ ನೋಡತೊಡಗಿದಳು. ಬಾಗಿಲ ಹತ್ತಿರ ಶಂಕ್ರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಹುಡುಗಿ ಮುಷ್ಟಿ ಕಟ್ಟಿ ನೆಲಕ್ಕೆ ಮೆತ್ತಗೊಂದು ಏಟು ಹಾಕಿದಳು, ಗೂಟ ಬಡಿದ ಹಾಗೆ. ಬರೆದಳು.

ತಿದ್ದಿದ್ದು ಶಿವಾನಂದ. ಮೊದಲ ಸಲ ಕಣ್ಣಲ್ಲೇ ಎಣಿಸಿದ, ಎರಡನೆಯ ಸಲ ಬೆರಳಿಟ್ಟು ಎಣಿಸಿದ.

"ಹದಿನಾರು," ಎಂದ. "ಬರೋಬ್ಬರಿ ಹದಿನಾರು."

ಸರಿತಾ ಓಡಿಹೋಗಿ ಅಜ್ಜಿಯ ಸೊಂಟ ತಬ್ಬಿದಳು. ನೆನಪಾದವಳಂತೆ ತಿರುಗಿ ಬಂದು ಅವ್ವನನ್ನೂ ತಬ್ಬಿ, ಶನಿವಾರ ಇನ್ನೂ ಬೇಗ ಬರಬೇಕು ಎಂದಳು. ಕಸ್ತೂರಿ ಅವಳ ಜಡೆ ಬಿಚ್ಚಿ ಮತ್ತೆ ಹೆಣೆದಳು. ಬಿಗಿಯಾಗಿಯೇ ಇದ್ದ ಜಡೆ ಅದು.

ಸಂಜೆ ಹೊರಡುವಾಗ ಶಂಕ್ರವ್ವ ಬುತ್ತಿ ಕಟ್ಟಿಕೊಟ್ಟಳು. ಎಂದಿಗಿಂತ ಎರಡು ರೊಟ್ಟಿ ಹೆಚ್ಚಿದ್ದವು. ಕೈಗೆ ಕೊಡುವಾಗ ಸೊಸೆಯ ಬೆರಳುಗಳನ್ನು ಒಂದು ಕ್ಷಣ ಬಿಡದೆ ಹಿಡಿದಿದ್ದಳು.

ಗೋಕಾಕ ದಾಟಿದ ಮೇಲೆ ಬಸ್ಸಿನಲ್ಲಿ ಶಿವಾನಂದ ಮೆಲ್ಲಗೆ ಕೆಣಕಿದ.

"ರಾತ್ರೀದ್ದು ಒಂದು ಹ್ಯಾಂಗ ಬರೆದ್ಲಲೇ? ಯಾವಾಗ್ಲೂ ತಪ್ಪತಿದ್ಲಲ್ಲ. ಅದೊಂದು ತಪ್ಪಿದ್ರ ಜೂನ್‌ದಾಗ ನಿನ್ನ ಹಂತ್ಯಾಕ ಬಂದು ಇರತಿದ್ಲು."

ಕ್ಯಾಲೆಂಡರಿನ ತೂತು, ಸುಟ್ಟ ರೊಟ್ಟಿ, ಎಲ್ಲ ಕಸ್ತೂರಿಯ ನಾಲಿಗೆಯ ತುದಿಗೆ ಬಂದವು. ಹೇಳಿದರೆ ಅವನು ನಗುತ್ತಾನೆ, ಮುಂದಿನ ವಾರ ಅವ್ವನೆದುರು ಆಡಿಯೂ ತೋರಿಸುತ್ತಾನೆ. ಆಮೇಲೆ ಆ ಹಾಳೆಗಳು ಹಿಟ್ಟಿನ ಡಬ್ಬಿಯ ಹಿಂದೆ ಇರುವುದಿಲ್ಲ.

"ಆಕಿಗಿ ತಿಳದಿರಬೇಕ್ರಿ," ಎಂದಳು.

ಬುತ್ತಿ ಇನ್ನೂ ಬಿಸಿಯಾಗಿತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು, ಈ ಮಾತನ್ನು ಗಂಡನಿಗಾಗಲಿ, ನಾಳೆ ದೊಡ್ಡವಳಾಗಿ ಕೇಳುವ ಸರಿತಾಳಿಗಾಗಲಿ, ಯಾರಿಗೂ ಹೇಳಬಾರದೆಂದು ಅವಳು ನಿಶ್ಚಯಿಸಿದಳು.