ಕತ್ರಿಗುಪ್ಪೆಯ ಹದಿನೈದು ಸೆಕೆಂಡು

ಪಿಳ್ಳಪ್ಪನವರ ಹಾಸಿಗೆ ಅಂಗಡಿಯ ಬೋರ್ಡಿನ ಮೇಲೆ ಪಿಳ್ಳಪ್ಪನವರ ಹೆಸರೇ ಇರಲಿಲ್ಲ. ‘ಶ್ರೀ ಮಾರುತಿ ಡಿಲಕ್ಸ್ ಬೆಡ್ ಎಂಪೋರಿಯಂ, ಕತ್ರಿಗುಪ್ಪೆ’ ಎಂದು ಕೆಂಪು ಅಕ್ಷರಗಳಲ್ಲಿ ಬರೆದಿತ್ತು. ರೇಡಿಯೋ ಜಾಹೀರಾತಿನ ಹಾಡಿನಲ್ಲಿ ಅದಷ್ಟೂ ಬರಬೇಕು, ಜೊತೆಗೆ ದಿಂಬು, ರಜಾಯಿ, ತೊಟ್ಟಿಲ ಹಾಸಿಗೆ, ಮನೆಗೇ ತಲುಪಿಸುವ ವಿಷಯ ಎಲ್ಲವೂ ಇರಬೇಕು ಎಂದು ಅವರು ಚೂಡಾಮಣಿಗೆ ಹೇಳಿಕಳಿಸಿದ್ದರು.

ಚೂಡಾಮಣಿ ಜಯನಗರ ನಾಲ್ಕನೇ ಬ್ಲಾಕಿನ ಒಂದು ಪುಟ್ಟ ಜಾಹೀರಾತು ಕಚೇರಿಯಲ್ಲಿ ಆರು ವರ್ಷದಿಂದ ಕರಪತ್ರಗಳನ್ನು ಬರೆಯುತ್ತಿದ್ದಳು. ಹಾಡು ಬರೆಯುವುದು ಇದೇ ಮೊದಲು. ಹೇಳಿದ್ದನ್ನೆಲ್ಲ ಪ್ರಾಸಕ್ಕೆ ಕೂರಿಸಿ, ರಾಗ ಹಾಕುವ ಜಯಸಿಂಹರ ಮನೆಗೆ ಒಯ್ದಳು. ಅವರು ಹಾರ್ಮೋನಿಯಂ ಪಕ್ಕ ಸ್ಟಾಪ್‌ವಾಚ್ ಇಟ್ಟುಕೊಂಡು ಒಂದು ಸಲ ಹಾಡಿ ಮುಗಿಸಿ ನಕ್ಕರು.

“ಇಪ್ಪತ್ತೆಂಟು ಸೆಕೆಂಡಮ್ಮಾ. ನಮಗಿರೋದು ಹದಿನೈದು. ಅದ್ರಲ್ಲೂ ಶುರುವಿಗೆ, ಕೊನೆಗೆ ವಾದ್ಯಕ್ಕೆ ಅಂತ ಮೂರು ತೆಗೀರಿ. ಮಾತಿಗೆ ಉಳಿಯೋದು ಹನ್ನೆರಡೇ.”

ಚೂಡಾಮಣಿ ರಜಾಯಿ ತೆಗೆದಳು, ದಿಂಬು ತೆಗೆದಳು, ತೊಟ್ಟಿಲನ್ನೂ ತೆಗೆದಳು. ಹಾಡು ಹನ್ನೆರಡು ಸೆಕೆಂಡಿಗೆ ಇಳಿಯಿತು. ಅದನ್ನು ಹಿಡಿದು ಕತ್ರಿಗುಪ್ಪೆಗೆ ಬಂದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಪಿಳ್ಳಪ್ಪನವರ ಹೆಂಡತಿ ಅಂಕಮ್ಮ ಇನ್ನಿಬ್ಬರು ಹೆಂಗಸರ ಜೊತೆ ಹಾಸಿಗೆಗೆ ದಬ್ಬಣದಲ್ಲಿ ಹೊಲಿಗೆ ಹಾಕುತ್ತಿದ್ದಳು. ಚೂಡಾಮಣಿ ಅವರಿಗೆ ಒಂದೇ ಸಲ ಹಾಡಿ, ಕಾಫಿ ಕುಡಿದು, ಊರ ಮಾತೆಲ್ಲ ಆಡಿ, ಅರ್ಧ ಗಂಟೆ ಬಿಟ್ಟು ಕೇಳಿದಳು: “ಅಕ್ಕಾ, ಆಗ ಹಾಡಿದ್ನಲ್ಲ, ಅದ್ರಲ್ಲಿ ಅಂಗಡಿ ಹೆಸರು ಏನಂತ ಬಂತು?”

“ಅದೇನೋ ಡಿಲಕ್ಸು ಅಂದ್ರಲ್ವಾ?” ಎಂದಳು ಅಂಕಮ್ಮ. ತನ್ನ ಅಂಗಡಿಯ ಹೆಸರೇ ಅವಳಿಗೆ ನೆನಪಾಗಲಿಲ್ಲ!

ಚೂಡಾಮಣಿಯ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಪಕ್ಕದ ಶ್ರೀನಗರ ಬಡಾವಣೆಯಿಂದ ಗಂಡ ಹೆಂಡತಿ ಇಬ್ಬರು ಆಟೋದಲ್ಲಿ ಬಂದಿಳಿದರು. “ಎಂಪೋರಿಯಂ ಎಲ್ಲಿ ಅಂತ ನಾಲ್ಕು ಕಡೆ ಕೇಳಿದ್ವಿ, ಯಾರಿಗೂ ಗೊತ್ತಿಲ್ಲ. ಕೊನೆಗೆ ಹೂವಿನೋಳು, ‘ಓ, ಕತ್ರಿಗುಪ್ಪೆ ಪಿಳ್ಳಪ್ಪಂದಾ?’ ಅಂತ ಕೈ ತೋರಿಸಿದ್ಲು” ಎಂದರು.

ಕತ್ರಿಗುಪ್ಪೆ ಪಿಳ್ಳಪ್ಪ. ಚೂಡಾಮಣಿ ಅದನ್ನು ನಾಲಗೆಯ ಮೇಲೆ ಎರಡು ಸಲ ಹೊರಳಿಸಿದಳು. ಚೆಂಡು ಪುಟಿದ ಹಾಗೆ ಪುಟಿಯಿತು. ಕಾಗದವನ್ನು ಮಗುಚಿ, ಹತ್ತಿಯ ಮೂಟೆಗೆ ಒರಗಿಕೊಂಡೇ ಬರೆದಳು:

ಮಲಗಪ್ಪ, ಮಲಗಪ್ಪ,
ಹಾಸಿಗೆ ಯಾರದಪ್ಪ?
ಪಿಳ್ಳಪ್ಪ, ಪಿಳ್ಳಪ್ಪ,
ಕತ್ರಿಗುಪ್ಪೆ ಪಿಳ್ಳಪ್ಪ!
ಅಪ್ಪಟ ಹತ್ತಿ ನೋಡಪ್ಪ,
ಕತ್ರಿಗುಪ್ಪೆ ಪಿಳ್ಳಪ್ಪ!

ಪಿಳ್ಳಪ್ಪನವರು ಕೇಳಿ ತಲೆ ತಗ್ಗಿಸಿದರು. “ಚೆನ್ನಾಗೈತೆ ಮೇಡಂ. ಆದ್ರೆ ನನ್ ಹೆಸ್ರು ಬ್ಯಾಡ. ಹಳ್ಳಿ ಹೆಸ್ರು ಅಂತ ಲೇಔಟಿನೋರು ನಗ್ತಾರೆ. ಅದಕ್ಕೇ ಅಲ್ವಾ ಬೋರ್ಡಲ್ಲೂ ಹಾಕಿಸ್ಲಿಲ್ಲ.”

“ಮೂವತ್ತು ವರ್ಷದಿಂದ ನಿಮ್ಮ ಹೆಸರು ಕೇಳ್ಕೊಂಡೇ ತಾನೇ ಜನ ಬರ್ತಿರೋದು?”

“ಬಾಯಲ್ಲಿ ಅನ್ನೋದು ಬೇರೆ, ರೇಡಿಯೋದಲ್ಲಿ ಬರೋದು ಬೇರೆ.”

ಚೂಡಾಮಣಿ ಎದ್ದಳು. ಹಿಂದಿನ ಕೋಣೆಗೆ ಹೋಗಿ ಹೊಸ ಹಾಡನ್ನು ಒಂದೇ ಸಲ ಹಾಡಿ ಬಂದು, ಗಲ್ಲಾಪೆಟ್ಟಿಗೆಯ ಎದುರಿನ ಸ್ಟೂಲಿನ ಮೇಲೆ ಕೂತಳು. ಗಿರಾಕಿಗಳು ಬಂದರು, ಹೋದರು. ಅರ್ಧ ಗಂಟೆ ಕಳೆಯಿತು. ಒಳಗಿನಿಂದ ದಬ್ಬಣದ ತಾಳಕ್ಕೆ ಸರಿಯಾಗಿ ಅಂಕಮ್ಮನ ದನಿ ಕೇಳಿಸಿತು: “ಹಾಸಿಗೆ ಯಾರದಪ್ಪ?” ಉಳಿದಿಬ್ಬರು ಒಟ್ಟಿಗೆ ಕೂಗಿದರು: “ಪಿಳ್ಳಪ್ಪ, ಪಿಳ್ಳಪ್ಪ!”

ಮದುವೆಯಾದ ಮೇಲೆ ಅಂಕಮ್ಮ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಆ ಸಾಲು ಬಂದಾಗಲೆಲ್ಲ ಅವಳು ನಾಚಿ ನಿಲ್ಲಿಸುವುದು, ಉಳಿದವರು ಇನ್ನೂ ಜೋರಾಗಿ ಕೂಗುವುದು, ಆಮೇಲೆ ಮೂವರೂ ಬಿದ್ದು ಬಿದ್ದು ನಗುವುದು.

ಪಿಳ್ಳಪ್ಪನವರ ಕಿವಿ ಕೆಂಪಾಯಿತು. ಹೆಗಲ ಟವೆಲಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ನಗುವನ್ನು ಮುಚ್ಚಿಕೊಂಡರು. “ಆಯ್ತು, ಹಾಕ್ಬಿಡಿ” ಎಂದರು.

ರೆಕಾರ್ಡಿಂಗಿನ ದಿನ ಜಯಸಿಂಹರು ‘ಯಾರದಪ್ಪ’ ಆದಮೇಲೆ ಚಿಟಿಕೆ ಹೊಡೆಯುವಷ್ಟು ಹೊತ್ತು ನಿಲ್ಲಿಸಿದರು. “ಇಲ್ಲಿ ಕೇಳೋರು ಮನಸ್ಸಲ್ಲೇ ಉತ್ತರ ಹೇಳ್ತಾರೆ, ಬಿಡಿ” ಎಂದರು. ಸ್ಟಾಪ್‌ವಾಚ್ ಹದಿನಾಲ್ಕೂವರೆಗೆ ನಿಂತಿತು.

ಹಾಡು ರೇಡಿಯೋದಲ್ಲಿ ಬರತೊಡಗಿದ ಮೂರನೆಯ ವಾರ, ಒಂದು ಮಂಗಳವಾರ, ಚೂಡಾಮಣಿ ಬನಶಂಕರಿ ದೇವಸ್ಥಾನದ ಸಾಲಿನಲ್ಲಿ ನಿಂತಿದ್ದಳು. ಮುಂದಿದ್ದ ಹೆಂಗಸಿನ ಹೆಗಲ ಮೇಲೆ ಕೂಸೊಂದು ರಚ್ಚೆ ಹಿಡಿದಿತ್ತು. ತಾಯಿ ಬೆನ್ನು ತಟ್ಟುತ್ತ, “ಮಲಗಪ್ಪ, ಮಲಗಪ್ಪ” ಎಂದು ಶುರುಮಾಡಿ ಕೊನೆಯ ಸಾಲಿನವರೆಗೆ ಒಂದಕ್ಷರ ತಪ್ಪದೆ ಹಾಡಿದಳು.

“ಪಿಳ್ಳಪ್ಪನ ಅಂಗಡಿ ನೋಡಿದೀರಾ?” ಎಂದು ಚೂಡಾಮಣಿ ಕೇಳಿದಳು.

“ಇಲ್ಲಾರೀ, ನಮ್ಮನೆ ಜೆ.ಪಿ. ನಗರ. ಇವನಿಗೆ ಇದನ್ನ ಹಾಡಿದ್ರೇನೇ ನಿದ್ದೆ” ಎಂದಳು ಆಕೆ.

ಕೂಸಿನ ಕಣ್ಣು ಆಗಲೇ ಎಳೆಯುತ್ತಿತ್ತು. ಹಾಡು ತನ್ನದೆಂದು ಚೂಡಾಮಣಿ ಹೇಳಲಿಲ್ಲ. ಸಾಲು ಮುಂದೆ ಸರಿಯಿತು, ಅವಳೂ ನಗುತ್ತ ಸರಿದಳು.