ಕೇಳದೆ ತೆಗೆದದ್ದು

ವೈದ್ಯಕೀಯ ಮೊದಲ ವರ್ಷದ ವೇಣಿಯ ತರಗತಿಯಲ್ಲಿ ಅಂದು ರೋಗಿಯ ಒಪ್ಪಿಗೆಯ ಕುರಿತು ಚರ್ಚೆ. ಪಾಠದ ಕೈಪಿಡಿಯಲ್ಲಿದ್ದ ಪ್ರಕರಣದಂಥದ್ದೇ ನಿಜ ಪ್ರಕರಣವೆಂದು ಪ್ರೊಫೆಸರ್ ವಾರ್ಡಿನಿಂದ ಜ್ಯೋತಿಲಕ್ಷ್ಮಿಯನ್ನು ಕರೆಸಿದ್ದರು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಅವಳು ಅಂಡಾಶಯದ ಗಡ್ಡೆ ತೆಗೆಯಲು ಮಾತ್ರ ಒಪ್ಪಿದ್ದಳು. ಅರಿವಳಿಕೆಯಲ್ಲಿದ್ದಾಗ, ತುರ್ತೇನೂ ಇಲ್ಲದಿದ್ದರೂ, ಗಂಡನ ಸಹಿ ಪಡೆದು ಗರ್ಭಕೋಶವನ್ನೂ ತೆಗೆದಿದ್ದರು.

“ಎಚ್ಚರವಾದ ಮೇಲೆ ಅವಳನ್ನೇ ಕೇಳಬೇಕಿತ್ತು. ಗಂಡನ ಒಪ್ಪಿಗೆ ಅವಳ ಒಪ್ಪಿಗೆಯಲ್ಲ,” ಎಂದು ಪ್ರೊಫೆಸರ್ ಇಂಗ್ಲಿಷಿನಲ್ಲಿ ವಿವರಿಸಿದರು. ಎಲ್ಲರೂ ಬರೆದುಕೊಂಡರು.

ಜ್ಯೋತಿಲಕ್ಷ್ಮಿ ಪಕ್ಕದಲ್ಲಿದ್ದ ವೇಣಿಯತ್ತ ಬಾಗಿದಳು. “ಸಾರ್ ಏನಂದ್ರು ಮೇಡಂ? ಇನ್ನು ಮಗು ಆಗುತ್ತಂತಾ?”

ವೇಣಿ ಎದ್ದು ಪ್ರೊಫೆಸರ್ ಬಳಿ ಹೋಗಿ ದನಿ ತಗ್ಗಿಸಿದಳು. “ಸಾರ್, ಇವ್ರಿಗೆ ಗೊತ್ತೇ ಇಲ್ಲ. ಹೇಳ್ಬೇಕಲ್ವಾ?”

“ಸತ್ಯ ತಿಳಿಸೋದು ಮುಂದಿನ ವಾರದ ಪಾಠ. ಕೂತ್ಕೊಳ್ಳಮ್ಮ.”

ವೇಣಿ ಮರಳಿ ಬಂದು ಕೂತಳು. “ಎಲ್ಲ ಚೆನ್ನಾಗಿದೆ ಅಂದ್ರು ಅಕ್ಕ,” ಎಂದಳು.

ಜ್ಯೋತಿಲಕ್ಷ್ಮಿ ಪ್ರೊಫೆಸರಿಗೆ ಕೈಮುಗಿದು ವಾರ್ಡಿಗೆ ಹೊರಟಳು.