ಹೊಳೆಬೈಲಿಗೆ ಹೋದ ಕಾರ್ಡು

ಸಾಗರದ ಪೇಟೆಯಲ್ಲಿ ಸುಬ್ಬರಾಯರ ಅಚ್ಚುಕೂಟಕ್ಕೆ ಒಳ್ಳೆಯ ಹೆಸರಿತ್ತು. ಹೇಳಿದ ದಿನಕ್ಕೆ ಕೆಲಸ ಮುಗಿಸಿ ಕೊಡುತ್ತಾರೆ ಅನ್ನುವುದು ಒಂದು ಕಾರಣ, ಪ್ರತಿ ಡಿಸೆಂಬರಿನಲ್ಲಿ ಗಿರಾಕಿಗಳಿಗೆಲ್ಲ ಕೃತಜ್ಞತೆಯ ಕಾರ್ಡು ಕಳಿಸುತ್ತಾರೆ ಅನ್ನುವುದು ಇನ್ನೊಂದು. ಆ ವರ್ಷ ಮಾಡಿದ ದೊಡ್ಡ ಕೆಲಸಗಳನ್ನು ನಾಲ್ಕು ಸಾಲಿನಲ್ಲಿ ಹೇಳಿ, ‘ಬರುವ ವರ್ಷವೂ ತಮ್ಮ ಸೇವೆಗೆ ಕಾದಿದ್ದೇವೆ’ ಎಂದು ಅಚ್ಚು ಮಾಡಿ, ಕೆಳಗೆ ಎರಡು ಸಾಲಿನಷ್ಟು ಜಾಗ ಖಾಲಿ ಬಿಡುತ್ತಿದ್ದರು. ಆ ಜಾಗದಲ್ಲಿ ಆಯಾ ಗಿರಾಕಿಗೆ ಮಾಡಿಕೊಟ್ಟದ್ದು ಏನು, ಮುಂದೆ ಅವರಿಗೆ ಬೇಕಾಗಬಹುದಾದದ್ದು ಏನು ಎಂದು ಕೈಯಲ್ಲಿ ಬರೆಯಬೇಕು. ಬರೆಯುವವನು ಹೂವಯ್ಯ.

ಹೂವಯ್ಯ ಅಲ್ಲಿ ಹದಿನೈದು ವರ್ಷದಿಂದ ಮೊಳೆ ಜೋಡಿಸುತ್ತಿದ್ದ. ಸೀಸದ ಒಂದೊಂದೇ ಅಕ್ಷರವನ್ನು ಮರದ ಪೆಟ್ಟಿಗೆಯಲ್ಲಿ ಅದರದರ ಮನೆಯಿಂದ ಹೆಕ್ಕಿ, ತಲೆಕೆಳಗಾಗಿ ಸಾಲು ಕಟ್ಟುವ ಕೆಲಸ. ಕೈ ಅಭ್ಯಾಸವಾದ ಮೇಲೆ ಓದುವ ಗೊಡವೆಯೇ ಇಲ್ಲ. ಕಣ್ಣು ಅಕ್ಷರ ನೋಡುತ್ತದೆ, ಬೆರಳು ಹೆಕ್ಕುತ್ತದೆ, ಅರ್ಥ ಎಲ್ಲೋ ಹೊರಗೆ ನಿಂತಿರುತ್ತದೆ.

ಸಾವಿರದ ಒಂಬೈನೂರ ಅರವತ್ತಮೂರರ ಡಿಸೆಂಬರ್. ಸುಬ್ಬರಾಯರು ಬರೆದುಕೊಟ್ಟ ಒಕ್ಕಣೆಯಲ್ಲಿ ಮೂರನೆಯ ಸಾಲು ಹೀಗಿತ್ತು: ‘ಮುಳುಗಡೆ ಪ್ರದೇಶದ ಗ್ರಾಮಗಳನ್ನು ತೆರವು ಮಾಡಿಸುವ ಮೂರು ಸಾವಿರ ನೋಟೀಸುಗಳನ್ನು ನಾಲ್ಕೇ ದಿನದಲ್ಲಿ ಮುದ್ರಿಸಿ ಸಲ್ಲಿಸಿದ ಹೆಮ್ಮೆ ನಮ್ಮದು.’ ಪಾಪ, ಅವರಿಗೆ ಅದು ನಿಜಕ್ಕೂ ಹೆಮ್ಮೆಯೇ. ಅಷ್ಟು ದೊಡ್ಡ ಕೆಲಸ ಅಲ್ಲಿನ ಕಾಲಲ್ಲಿ ತುಳಿಯುವ ಟ್ರೆಡಲ್ ಯಂತ್ರ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹೂವಯ್ಯ ಜೋಡಿಸಿದ. ನೂರನಲವತ್ತು ಕಾರ್ಡು ಬಂತು. ಗಿರಾಕಿಗಳ ಪುಸ್ತಕ ಎದುರಿಟ್ಟುಕೊಂಡು ಎರಡು ದಿನ ಕೂತು ಒಂದೊಂದಕ್ಕೂ ಬರೆದ, ವಿಳಾಸ ಹಾಕಿದ, ಸೋಮವಾರ ಅಂಚೆಗೆ ಹಾಕಿ ಕೈ ತೊಳೆದುಕೊಂಡ.

ಮಿಕ್ಕ ಒಂದು ಕಾರ್ಡನ್ನು ಮನೆಗೆ ತಂದಿದ್ದ. ಬುಧವಾರ ಸಂಜೆ ಹೆಂಡತಿ ಹಾಲಮ್ಮ ಅದನ್ನು ಕೂಡಿಸಿ ಕೂಡಿಸಿ ಓದಿದಳು. ಮೂರನೆಯ ಸಾಲಿಗೆ ಬಂದವಳು ತಲೆ ಎತ್ತಿದಳು.

‘ಇದು ಭಾವನೋರಿಗೂ ಹೋಯ್ತಾ?’

ಹೋಗಿತ್ತು. ‘ಶ್ರೀ ಭೂತಪ್ಪನವರು, ಕಾರ್ಯದರ್ಶಿಗಳು, ಸಹಕಾರ ಸಂಘ, ಹೊಳೆಬೈಲು, ಹೊಸನಗರ ತಾಲ್ಲೂಕು.’ ಪುಸ್ತಕದಲ್ಲಿದ್ದ ಹಾಗೆ, ಸಾಲಿನಲ್ಲಿ ಬಂದ ಹಾಗೆ, ಬರೆದು ಹಾಕಿದ್ದ.

ಭೂತಪ್ಪ ಬರೀ ಗಿರಾಕಿಯಲ್ಲ, ಒಡಹುಟ್ಟಿದ ಅಣ್ಣ. ಅಪ್ಪ ಸತ್ತ ಮೇಲೆ ತಮ್ಮನನ್ನು ಏಳನೇ ಕ್ಲಾಸಿನ ತನಕ ಓದಿಸಿ, ಸಾಗರಕ್ಕೆ ಕರೆತಂದು ಇದೇ ಅಚ್ಚುಕೂಟದಲ್ಲಿ ನಿಲ್ಲಿಸಿದವನು ಅವನೇ. ಲಿಂಗನಮಕ್ಕಿಯ ಅಣೆಕಟ್ಟೆ ಏಳುತ್ತಿದ್ದ ಹಾಗೆ ಹೊಳೆಬೈಲಿನವರೆಲ್ಲ ಒಬ್ಬೊಬ್ಬರೇ ಗಂಟು ಕಟ್ಟಿದರೂ ಅವನು ಕದಲಿರಲಿಲ್ಲ. ಹೆಂಡತಿ ಮಕ್ಕಳಿಲ್ಲದ ಮನುಷ್ಯ, ಎಲ್ಲಿಗೆ ಹೋದಾನು? ‘ನಮ್ಮನೆಗೆ ಬಾ ಅಣ್ಣಯ್ಯ’ ಎಂದು ಹೂವಯ್ಯ ಮೂರು ವರ್ಷ ಅಂಗಲಾಚಿದ್ದ. ಕೊನೆಗೆ ಈ ದೀಪಾವಳಿಯಲ್ಲಿ ಹೂಂ ಅಂದಿದ್ದ: ಕೊಯ್ಲು ಮುಗಿಸಿ ಸಂಕ್ರಾಂತಿಗೆ ಬರುವುದು ಎಂದು. ಹಾಲಮ್ಮ ಜಗಲಿಯ ಕೋಣೆಗೆ ಸುಣ್ಣವನ್ನೂ ಬಳಿದಿದ್ದಳು.

ಆ ನೋಟೀಸು ಜೋಡಿಸಿದ್ದು ತಾನೇ ಎಂದು ಹೂವಯ್ಯ ಅಣ್ಣನಿಗೆ ಹೇಳಿರಲಿಲ್ಲ. ನೋಟೀಸಿನಲ್ಲಿ ಅಚ್ಚುಕೂಟದ ಹೆಸರು ಇರಲಿಲ್ಲ. ಈಗ ಕಾರ್ಡಿನಲ್ಲಿ ಇತ್ತು.

ಮಾರನೆಯ ದಿನ ಮೊದಲ ಬಸ್ಸಿಗೇ ಹೊಸನಗರಕ್ಕೆ ಹೊರಟ. ಹೊಳೆಬೈಲಿಗೆ ಅಂಚೆಯವನು ಹೋಗುವುದು ವಾರಕ್ಕೆ ಎರಡು ಸಲ, ಅವನಿಗಿಂತ ಮೊದಲು ಮುಟ್ಟಿದರೆ ಸಾಕು ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತ. ಬಸ್ಸಿಳಿದು ಮೂರು ಮೈಲಿ ಓಡಿದ ಎಂದೇ ಹೇಳಬೇಕು. ದಾರಿಯುದ್ದಕ್ಕೂ ಹಂಚು ತೆಗೆದ ಮನೆಗಳು, ಬಾಗಿಲು ಕಿತ್ತುಕೊಂಡು ಹೋದ ಗೋಡೆಗಳು. ಬೇಲಿಯ ಹತ್ತಿರ ಅಂಚೆಯವನು ಎದುರಾದ, ಚೀಲ ಖಾಲಿ.

ಭೂತಪ್ಪ ಜಗಲಿಯಲ್ಲಿ ಕನ್ನಡಕ ಹಾಕಿಕೊಂಡು ಕೂತಿದ್ದ. ಎಡಗೈಯಲ್ಲಿ ಕಾರ್ಡು, ಬಲಗೈಯಲ್ಲಿ ನಾಲ್ಕು ಮಡಿಕೆಯ ಹಳೇ ನೋಟೀಸು.

‘ಬಂದ್ಯಾ? ಕೂತ್ಕೊ. ನೀರು ಕುಡಿ.’

ಹೂವಯ್ಯ ಕೂರಲಿಲ್ಲ.

‘ಈ ನೋಟೀಸು ಜೋಡ್ಸಿದ್ದು ನೀನೇನಾ?’

‘ಹೂಂ ಅಣ್ಣಯ್ಯ.’

‘ಒಂದಕ್ಷರ ತಪ್ಪಿಲ್ಲ. ಚೊಲೊ ಜೋಡ್ಸಿದ್ದಿ.’

ಬೈದಿದ್ದರೆ ಎಷ್ಟೋ ಸುಖವಿತ್ತು. ‘ಜೋಡ್ಸೋವಾಗ ನಾವು ಓದೋದಿಲ್ಲ ಅಣ್ಣಯ್ಯ. ಬರೀ ಅಕ್ಷರ ಕಾಣ್ತದೆ ಅಷ್ಟೆ’ ಅಂದ. ತನ್ನ ಮಾತು ತನಗೇ ಸಪ್ಪೆಯಾಗಿ ಕೇಳಿತು.

‘ನಮ್ಮೂರ ಹೆಸರು ಬಂದಾಗ್ಲೂ?’

ಹೂವಯ್ಯ ಸುಳ್ಳು ಹೇಳಬಹುದಿತ್ತು. ನೋಟೀಸಿನ ಊರುಗಳ ಪಟ್ಟಿಯಲ್ಲಿ ಹದಿನೇಳನೆಯದು ಹೊಳೆಬೈಲು. ಆವತ್ತು ಅಲ್ಲಿಗೆ ಬಂದಾಗ ಬೆರಳು ಮೊಳೆಯ ಮೇಲೆ ನಿಂತಿತ್ತು. ಸುಬ್ಬರಾಯರು ‘ಬೇಗ ಆಗ್ಲಿ ಮಾರಾಯಾ’ ಅಂದಿದ್ದರು. ಜೋಡಿಸಿದ್ದ.

‘ಅದನ್ನ ಓದ್ದೆ’ ಅಂದ. ‘ಹೇಳಕ್ಕೆ ಧೈರ್ಯ ಬರ್ಲಿಲ್ಲ.’

ಭೂತಪ್ಪ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು, ಕೆಳಗಿದ್ದ ತಮ್ಮನದೇ ಕೈಬರಹವನ್ನು ನಿಧಾನವಾಗಿ ಓದಿದ. ‘ತಮ್ಮ ಸಂಘಕ್ಕೆ ಹನ್ನೆರಡು ರಸೀದಿ ಪುಸ್ತಕ ಒದಗಿಸಿದ್ದೇವೆ. ಬರುವ ವರ್ಷದ ಪುಸ್ತಕಗಳಿಗೂ ಮರೆಯದೆ ನಮ್ಮನ್ನೇ ನೆನೆಯಬೇಕು.’ ಓದಿ ನಕ್ಕ. ಆ ನಗೆಯನ್ನು ಹೂವಯ್ಯ ಸಾಯುವ ತನಕ ಮರೆಯಲಿಲ್ಲ.

‘ಬರೋ ವರ್ಷ ಸಂಘ ಎಲ್ಲಿರ್ತದೆ, ಊರೆಲ್ಲಿರ್ತದೆ? ಆದ್ರೂ ಕೆಲ್ಸ ಕೇಳಿದ್ದೀರಿ, ಇಲ್ಲ ಅನ್ನಬಾರ್ದು.’ ಒಳಗೆ ಹೋಗಿ ಎರಡು ಹಾಳೆ ತಂದುಕೊಟ್ಟ. ‘ಐವತ್ಮೂರು ಮನೆ. ಯಾರ್ಯಾರು ಎಲ್ಲೆಲ್ಲಿ ಹೋದ್ರು ಅಂತ ಬರ್ದಿದೀನಿ. ಒಂದೇ ಹಾಳೇಲಿ ಅಚ್ಚು ಹಾಕಿ ಅರವತ್ತು ಪ್ರತಿ ಮಾಡು. ಮನೆಗೊಂದು ಕಳಿಸ್ಬೇಕು. ಮದುವೆಗೋ ಸಾವಿಗೋ ಒಬ್ರನ್ನೊಬ್ರು ಹುಡುಕಕ್ಕೆ ಬೇಕಲ್ಲ.’

ಹೂವಯ್ಯ ಅಲ್ಲೇ ನಿಂತು ಓದಿದ. ಕನ್ನಪ್ಪ, ಹೊಸನಗರ. ಬೆಳ್ಳಮ್ಮ, ಮಗಳ ಮನೆ, ತೀರ್ಥಹಳ್ಳಿ. ಜಯಪ್ಪ, ಮೇಗರವಳ್ಳಿ. ಕೊನೆಯ ಸಾಲಿನಲ್ಲಿ ಒಂದು ಹೆಸರಿನ ಮುಂದೆ ‘ಸಾಗರ, ತಮ್ಮ ಹೂವಯ್ಯನ ಮನೆ’ ಎಂದು ಬರೆದದ್ದಕ್ಕೆ ಅಡ್ಡಗೆರೆ ಎಳೆದಿತ್ತು. ಮೇಲೆ ಬರೆದಿತ್ತು: ‘ಭೂತಪ್ಪ. ಮೇಗರವಳ್ಳಿ, ಜಯಪ್ಪನ ಜೊತೆ.’ ಶಾಯಿ ಇನ್ನೂ ಹೊಸದು.

‘ಅಣ್ಣಯ್ಯ, ಹಾಲಮ್ಮ ಕೋಣೆಗೆ ಸುಣ್ಣ ಬಳ್ದಿದಾಳೆ...’

‘ಸಿಟ್ಟಿಲ್ಲ ಹೂವ. ನಿನ್ನ ಅನ್ನ ಅದು, ನೀನು ಮಾಡ್ಬೇಕಾದ್ದೇ. ಆದ್ರೆ ಅದೇ ಕೈಯಿಂದ ತುತ್ತು ತಗೊಳ್ಳಕ್ಕೆ ನಂಗೆ ಆಗೋದಿಲ್ಲ. ಬಸ್ಸು ತಪ್ತದೆ, ಹೊರಡು.’

ಆ ಹಾಳೆಯನ್ನು ಹೂವಯ್ಯ ಒಂದೊಂದೇ ಹೆಸರು ಬಾಯಲ್ಲಿ ಹೇಳಿಕೊಂಡು ಜೋಡಿಸಿದ. ಅಷ್ಟಕ್ಕೆ ಮೂರು ದಿನ ಹಿಡಿಯಿತು. ಸುಬ್ಬರಾಯರು ಕರಡನ್ನು ಕೊನೆಯ ಸಾಲಿನ ತನಕ ಓದಿದರು. ಮುದ್ರಣವಾದ ಮೇಲೆ ಮೊಳೆಗಳನ್ನು ಬಿಚ್ಚಿ ಮನೆಗಳಿಗೆ ಹಾಕುವುದು ರೂಢಿ. ಅವನು ಬಿಚ್ಚದೆ ದಾರ ಕಟ್ಟಿ ಹಲಗೆಯ ಮೇಲೆ ಇಟ್ಟ.

ಮಳೆಗಾಲ ಬಂತು, ಹೊಳೆಬೈಲು ಮುಳುಗಿತು. ಮತ್ತೆ ಡಿಸೆಂಬರ್ ಬಂತು. ಈ ಸಲದ ಕಾರ್ಡಿನಲ್ಲಿ ಹೆಮ್ಮೆಯ ಸಾಲು ಬೇಡವೆಂದು ಸುಬ್ಬರಾಯರೇ ಅಂದರು. ಮೇಗರವಳ್ಳಿಗೆ ಹೋಗುವ ಕಾರ್ಡನ್ನು ಹೂವಯ್ಯ ಎಲ್ಲಕ್ಕಿಂತ ಕೊನೆಗೆ ಬರೆದ. ‘ಹೊಳೆಬೈಲಿನವರ ವಿಳಾಸದ ಹಾಳೆ ಅರವತ್ತು ಪ್ರತಿ ಒದಗಿಸಿದ್ದೇವೆ. ಬರುವ ವರ್ಷ ಯಾವುದಾದರೂ ಒಂದು ವಿಳಾಸ ತಿದ್ದಬೇಕೆನಿಸಿದರೆ ದಯಮಾಡಿ ತಿಳಿಸಬೇಕು. ಮೊಳೆ ಇನ್ನೂ ಬಿಚ್ಚಿಲ್ಲ.’

ಉತ್ತರ ಬರಲಿಲ್ಲ. ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಕಳೆಯಿತು. ಯುಗಾದಿಯ ಹೊತ್ತಿಗೆ ಮದುವೆ ಕರೆಯೋಲೆಗಳ ಕೆಲಸ ಒತ್ತರಿಸಿ ಬಂದು, ಮೊಳೆ ಸಾಲದಾಯಿತು. ಸುಬ್ಬರಾಯರು ಹಲಗೆಯ ಕಡೆ ನೋಡಿದರು. ಹೂವಯ್ಯನೇ ಎದ್ದು ದಾರ ಬಿಚ್ಚಿದ. ಐವತ್ತೆರಡು ಮನೆಯ ಅಕ್ಷರಗಳನ್ನು ಹೆಕ್ಕಿ ಅವುಗಳ ಮನೆಗೆ ಹಾಕಿದ. ಅಣ್ಣನ ಹೆಸರಿನ ಕೊನೆಯ ಸಾಲನ್ನು ಮಾತ್ರ ಹಾಗೇ ದಾರ ಸುತ್ತಿ, ತನ್ನ ಊಟದ ಡಬ್ಬಿಯಲ್ಲಿಟ್ಟು ಮನೆಗೆ ತಂದ.

ಜಗಲಿಯ ಕೋಣೆಯ ಗೂಡಿನಲ್ಲಿ ಅದನ್ನು ಇಡುವಾಗ ಹಾಲಮ್ಮ ಬಾಗಿಲಲ್ಲಿ ನಿಂತು ನೋಡಿದಳು. ‘ಈ ವರ್ಷವೂ ಸುಣ್ಣ ಬಳೀಲಾ?’ ಅಂದಳು.

‘ಬಳಿ’ ಅಂದ ಹೂವಯ್ಯ.